ಅಮ್ಮನಿಗೆ ಹಿಯರಿಂಗ್ ಏಡ್ ಕೊಳ್ಳುವ ಮುನ್ನ: ಕಿವಿ ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು?

ಹಿರಿಯರ ಕಿವಿ ಮಂದವಾಗತೊಡಗಿದರೆ ಮನೆಯಲ್ಲಿ ಮೊದಲು ಏರುವುದು ಟಿವಿಯ ವಾಲ್ಯೂಮ್. ಆಮೇಲೆ ಮಾತುಮಾತಿಗೂ 'ಏನಂದಿ?' ಎಂಬ ಪ್ರಶ್ನೆ. ಇನ್ನೂ ಕೆಲವು ತಿಂಗಳಿಗೆ ಆ ಪ್ರಶ್ನೆಯೂ ನಿಂತು, ಅವರು ಸುಮ್ಮನೆ ತಲೆಯಾಡಿಸುತ್ತಾ ಕೂರುತ್ತಾರೆ. ಮುಂಬೈ, ಪುಣೆ, ಹೈದರಾಬಾದ್‌ನಂಥ ಊರುಗಳಲ್ಲಿ ಮಕ್ಕಳ ಮನೆಗೆ ಬಂದು ಉಳಿಯುವ ಕನ್ನಡದ ಅಪ್ಪ-ಅಮ್ಮಂದಿರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸುತ್ತಲಿನ ಭಾಷೆಯೇ ಬೇರೆ. ಅವರಿಗೆ ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ ಎಂಬುದು ಮನೆಯವರಿಗೂ ತಿಳಿಯುವುದಿಲ್ಲ, ಕೆಲವೊಮ್ಮೆ ಪರೀಕ್ಷೆ ಮಾಡುವವರಿಗೂ ತಿಳಿಯುವುದಿಲ್ಲ.

ಒಂದು ಕುಟುಂಬವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ತಾಯಿಗೆ 76 ವರ್ಷ. ವರ್ಷದಲ್ಲಿ ಎಂಟು ತಿಂಗಳು ಠಾಣೆಯಲ್ಲಿ ಮಗನ ಮನೆ, ಉಳಿದ ನಾಲ್ಕು ತಿಂಗಳು ಹುಬ್ಬಳ್ಳಿಯ ಸ್ವಂತ ಮನೆ. ಬೆರಳ ಗಂಟುಗಳಲ್ಲಿ ಸಂಧಿವಾತ, ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಕನ್ನಡ ಬಿಟ್ಟರೆ ಹಿಂದಿ ಅಷ್ಟಿಷ್ಟು ಬರುತ್ತದೆ. ಇವರಿಗೆ ಯಾವ ಸಾಧನ ಕೊಡಿಸಬೇಕು ಎಂಬ ಪ್ರಶ್ನೆಗೆ ಉತ್ತರ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಿಗುವುದಿಲ್ಲ. ಅದು ಅವರ ಆಡಿಯೋಗ್ರಾಮ್, ಅವರ ಬೆರಳು ಮತ್ತು ಅವರು ಓಡಾಡುವ ಆ ಎರಡು ಊರುಗಳಲ್ಲಿದೆ.

ಮೊದಲು ಇಎನ್‌ಟಿ ವೈದ್ಯರು

ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕೇಳಿಸುವುದು ಕಡಿಮೆಯಾಗುತ್ತದೆ. ಅದನ್ನು ತೆಗೆಸಿದರೆ ಎಷ್ಟೋ ಮಂದಿಗೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಹಾಗಾಗಿ ಮೊದಲ ಭೇಟಿ ಕಿವಿ-ಮೂಗು-ಗಂಟಲು ತಜ್ಞರದ್ದೇ ಆಗಬೇಕು. ಒಂದೇ ಕಿವಿ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ ಅಥವಾ ಜತೆಗೆ ತಲೆಸುತ್ತು ಇದ್ದರೆ ಕಾರಣ ತಿಳಿಯುವ ತನಕ ಸಾಧನದ ಮಾತು ಬೇಡ. ಒಂದೆರಡು ದಿನದಲ್ಲಿ ದಿಢೀರನೆ ಕಿವಿ ಕೇಳಿಸದಂತಾದರೆ ಅದು ತುರ್ತು ಸ್ಥಿತಿ. ಅಂಥ ಕಿವುಡಿಗೆ ಔಷಧ ಬೇಗ ಶುರುವಾದಷ್ಟೂ ಕೇಳಿಸುವ ಶಕ್ತಿ ಮರಳುವ ಸಾಧ್ಯತೆ ಹೆಚ್ಚು. 'ವಯಸ್ಸಾಯಿತಲ್ಲ' ಎಂದು ವಾರಗಟ್ಟಲೆ ಕಾಯುವುದು ತಪ್ಪು.

ವೈದ್ಯರು ನೋಡಿದ ಮೇಲೆ ಆಡಿಯಾಲಜಿಸ್ಟ್ ಹತ್ತಿರ ಪರೀಕ್ಷೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಹೊಂದಿರಬೇಕು. ನೋಂದಣಿ ಸಂಖ್ಯೆ ಕೇಳಿದರೆ ಯಾರೂ ಬೇಸರಿಸಬಾರದು. ಬೇಸರಿಸಿದರೆ ಅದೂ ಒಂದು ಮಾಹಿತಿಯೇ.

ಆಡಿಯೋಗ್ರಾಮ್ ಏನು ಹೇಳುತ್ತದೆ?

ಆಡಿಯೋಗ್ರಾಮ್ ಎಂದರೆ ಯಾವ ಸ್ವರ ಎಷ್ಟು ಜೋರಾಗಿದ್ದರೆ ಆ ಕಿವಿಗೆ ಕೇಳಿಸುತ್ತದೆ ಎಂಬ ನಕ್ಷೆ. ಎಡದಿಂದ ಬಲಕ್ಕೆ ಹೋದಂತೆ ಸ್ವರ ತೆಳುವಾಗಿ ಕೀರಲಾಗುತ್ತದೆ, ಮೇಲಿನಿಂದ ಕೆಳಕ್ಕೆ ಹೋದಂತೆ ಸದ್ದು ಜೋರಾಗುತ್ತದೆ. ಗೆರೆ ಎಷ್ಟು ಕೆಳಗಿದೆಯೋ ಕಿವಿ ಅಷ್ಟು ಮಂದ. ನಮ್ಮ ಉದಾಹರಣೆಯ ತಾಯಿಗೆ 500 ಹರ್ಟ್ಸ್‌ನಲ್ಲಿ 30 ಡೆಸಿಬಲ್, 1000ದಲ್ಲಿ 45, 2000ದಲ್ಲಿ 55, 4000ದಲ್ಲಿ 70 ಬಂತು ಎಂದುಕೊಳ್ಳಿ. ಮೊದಲ ಮೂರರ ಸರಾಸರಿ ಸುಮಾರು 43. ಇದು ಮಧ್ಯಮ ಪ್ರಮಾಣದ ಕಿವುಡು.

ಆದರೆ ಇಲ್ಲಿ ಸರಾಸರಿಗಿಂತ ಗೆರೆಯ ಇಳಿಜಾರು ಮುಖ್ಯ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ದಪ್ಪ ಸ್ವರಗಳು ಚೆನ್ನಾಗಿಯೇ ಉಳಿದು, ತೆಳು ಸ್ವರಗಳು ಮೊದಲು ಹೋಗುತ್ತವೆ. ಮಾತಿನಲ್ಲಿ 'ಅ', 'ಓ', 'ಊ' ಮೊದಲಾದ ಸ್ವರಾಕ್ಷರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಆವೃತ್ತಿಗಳಲ್ಲಿದೆ. 'ಸ', 'ಶ', 'ಚ', 'ತ', 'ಕ'ಗಳ ಗುರುತು ಮೇಲಿನ ಆವೃತ್ತಿಗಳಲ್ಲಿದೆ. ಆದ್ದರಿಂದ ತಾಯಿಗೆ ಯಾರೋ ಮಾತನಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಏನು ಹೇಳುತ್ತಿದ್ದಾರೆ ಎಂಬುದು ಮಾತ್ರ ಸಿಗುವುದಿಲ್ಲ. 'ತಲೆ' ಎಂದರೆ 'ಕಲೆ' ಆಗುತ್ತದೆ. ಜೋರಾಗಿ ಕೂಗಿದರೆ ಈಗಾಗಲೇ ಕೇಳಿಸುತ್ತಿರುವ ಸ್ವರಗಳೇ ಇನ್ನಷ್ಟು ಜೋರಾಗುತ್ತವೆ ಹೊರತು ಬಿಟ್ಟುಹೋದ ಅಕ್ಷರ ಮರಳುವುದಿಲ್ಲ. 'ಕೂಗಬೇಡ, ನಂಗೆ ಕೇಳಿಸುತ್ತೆ' ಎಂದು ಹಿರಿಯರು ಸಿಡುಕುವುದರಲ್ಲಿ ಸುಳ್ಳಿಲ್ಲ.

ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ 'ಸೌಂಡ್ ಆಂಪ್ಲಿಫೈಯರ್'ಗಳು ಸೋಲುವುದೂ ಇಲ್ಲೇ. ಅವು ಫ್ಯಾನಿನ ಗುಂಯ್‌ಗುಡುವಿಕೆ, ಪಾತ್ರೆಯ ಸದ್ದು, ಮಾತು ಎಲ್ಲವನ್ನೂ ಒಟ್ಟಿಗೆ ಏರಿಸುತ್ತವೆ. ನಿಜವಾದ ಹಿಯರಿಂಗ್ ಏಡ್ ಆ ವ್ಯಕ್ತಿಯ ಆಡಿಯೋಗ್ರಾಮ್‌ಗೆ ತಕ್ಕಂತೆ 500 ಹರ್ಟ್ಸ್‌ಗೆ ಸ್ವಲ್ಪ, 4000ಕ್ಕೆ ಹೆಚ್ಚು ಬಲ ಕೊಡುತ್ತದೆ. ಜೋರು ಸದ್ದು ಒಂದು ಮಿತಿ ಮೀರದಂತೆಯೂ ತಡೆಯುತ್ತದೆ.

ಪದಗಳ ಪರೀಕ್ಷೆ ಕನ್ನಡದಲ್ಲೇ ಆಗಲಿ

ಬೀಪ್ ಸದ್ದಿನ ಪರೀಕ್ಷೆಗೆ ಭಾಷೆ ಬೇಕಿಲ್ಲ. ಆದರೆ ಅದರ ನಂತರ ಇನ್ನೊಂದು ಪರೀಕ್ಷೆ ಇದೆ. ಆರಾಮವಾಗಿ ಕೇಳಿಸುವಷ್ಟು ಜೋರಾಗಿ ಒಂದೊಂದೇ ಪದ ಹೇಳಿ, ಅದನ್ನು ಮತ್ತೆ ಹೇಳಿಸುತ್ತಾರೆ. ಪಟ್ಟಿಯಲ್ಲಿ 25 ಪದಗಳಿದ್ದರೆ ಒಂದೊಂದು ಸರಿಯುತ್ತರಕ್ಕೆ 4 ಅಂಕ. ಸದ್ದು ತಲುಪಿದ ಮೇಲೆ ಕಿವಿ ಮತ್ತು ಮಿದುಳು ಮಾತನ್ನು ಎಷ್ಟು ಬಿಡಿಸಿಕೊಳ್ಳಬಲ್ಲವು ಎಂಬುದು ಈ ಅಂಕದಿಂದ ತಿಳಿಯುತ್ತದೆ. ಸಾಧನದಿಂದ ಎಷ್ಟು ಪ್ರಯೋಜನ ನಿರೀಕ್ಷಿಸಬಹುದು ಎಂಬ ಅಂದಾಜಿಗೆ ಇದೇ ಮುಖ್ಯ ಆಧಾರ.

ನಮ್ಮ ಉದಾಹರಣೆಯ ತಾಯಿಗೆ ಠಾಣೆಯ ಕ್ಲಿನಿಕ್‌ನಲ್ಲಿ ಹಿಂದಿ ಪದ ಹೇಳಿದರು ಎನ್ನೋಣ. 25ರಲ್ಲಿ 13 ಸರಿ, ಅಂದರೆ ಶೇ 52. 'ಸಾಧನ ಹಾಕಿದರೂ ಹೆಚ್ಚು ಪ್ರಯೋಜನ ಕಷ್ಟ' ಎಂದು ಕ್ಲಿನಿಕ್‌ನವರು ಹೇಳುವ ಅಂಕ ಇದು. ಅದೇ ಜೋರಿನಲ್ಲಿ ಕನ್ನಡದ ಪಟ್ಟಿ ಕೇಳಿಸಿದಾಗ 20 ಸರಿಯಾದರೆ ಶೇ 80. ನಡುವಿನ 28 ಅಂಕ ಕಿವಿಯದ್ದಲ್ಲ, ಭಾಷೆಯದ್ದು. ಅರೆಬರೆ ಕೇಳಿಸಿದ ಪದವನ್ನು ಮಿದುಳು ಊಹಿಸಿ ತುಂಬಿಕೊಳ್ಳುವುದು ತನಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ ಮಾತ್ರ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದಲ್ಲಿ ಇಂಥ ಪದಪಟ್ಟಿಗಳನ್ನು ಸಿದ್ಧಪಡಿಸಿದೆ. ಬೇರೆ ರಾಜ್ಯದ ಕ್ಲಿನಿಕ್‌ಗೆ ಹೋಗುವ ಮೊದಲು ಫೋನ್ ಮಾಡಿ ಕನ್ನಡದ ರೆಕಾರ್ಡೆಡ್ ಪಟ್ಟಿ ಇದೆಯೇ, ಕನ್ನಡ ಬಲ್ಲ ಆಡಿಯಾಲಜಿಸ್ಟ್ ಇದ್ದಾರೆಯೇ ಎಂದು ಕೇಳಬಹುದು. ಮೈಸೂರಿನಲ್ಲಿ ಓದಿದ ಆಡಿಯಾಲಜಿಸ್ಟ್‌ಗಳು ದೇಶದ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡುತ್ತಿರುವುದರಿಂದ ಇದು ಅಂದುಕೊಂಡಷ್ಟು ಅಸಾಧ್ಯವಲ್ಲ. ಎರಡೂ ಇಲ್ಲದಿದ್ದರೆ, ಊರಿಗೆ ಹೋದಾಗ ಈ ಒಂದು ಪರೀಕ್ಷೆಯನ್ನು ಅಲ್ಲಿ ಮಾಡಿಸಿಕೊಂಡು ಬಂದು ವರದಿ ತೋರಿಸಬಹುದು. ಮಗ ಪಕ್ಕದಲ್ಲಿ ನಿಂತು ಪದ ಹೇಳುವುದು ಮಾತ್ರ ಪರೀಕ್ಷೆಯಲ್ಲ. ಮಗನ ದನಿ ಅಮ್ಮನಿಗೆ ಅಭ್ಯಾಸ, ಮೇಲಾಗಿ ಅವನ ತುಟಿಯೂ ಕಾಣಿಸುತ್ತಿರುತ್ತದೆ.

ಕನ್ನಡದಲ್ಲಿ ಕೇಳಿಸಿದಾಗಲೂ ಅಂಕ ಶೇ 40ರ ಆಸುಪಾಸಿನಲ್ಲೇ ಉಳಿದರೆ ಎಷ್ಟು ದುಬಾರಿ ಸಾಧನವೂ ಮಾತನ್ನು ಪೂರ್ತಿ ತಿಳಿಯಾಗಿಸದು. ಎಚ್ಚರಿಕೆಯ ಸದ್ದು ಕೇಳಿಸಲು, ತುಟಿ ನೋಡುತ್ತಾ ಮಾತು ಹಿಡಿಯಲು ನೆರವಾಗುತ್ತದೆ ಅಷ್ಟೆ. ಇದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಮನೆಯವರಿಗೂ ಹಿರಿಯರಿಗೂ ಒಳ್ಳೆಯದು.

ಯಾವ ಮಾದರಿ?

ಜಾಹೀರಾತುಗಳಲ್ಲಿ ಹೆಚ್ಚು ಮಿಂಚುವುದು ಕಿವಿಯೊಳಗೆ ಪೂರ್ತಿ ಅಡಗುವ ಪುಟಾಣಿ ಸಾಧನ. ಯಾರಿಗೂ ಕಾಣುವುದಿಲ್ಲ ಎಂಬುದೇ ಅದರ ಆಕರ್ಷಣೆ. ಆದರೆ ಬೆರಳು ಬಗ್ಗದ, ಕಣ್ಣು ಮಂದವಾದ 76ರ ವಯಸ್ಸಿನವರಿಗೆ ಅದನ್ನು ಹಾಕುವುದೇ ಒಂದು ಪರೀಕ್ಷೆ. ಗುಗ್ಗೆ ಮತ್ತು ಬೆವರು ನೇರವಾಗಿ ಅದರ ಮೇಲೇ ಬೀಳುವುದರಿಂದ ರಿಪೇರಿಯೂ ಹೆಚ್ಚು. ಕಿವಿಯನ್ನು ಪೂರ್ತಿ ಮುಚ್ಚುವುದರಿಂದ ತಮ್ಮದೇ ದನಿ ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ ಎಂಬ ದೂರೂ ಸಾಮಾನ್ಯ. ಹಿರಿಯರ ಮಟ್ಟಿಗೆ ಇದು ಬಹುತೇಕ ತಪ್ಪು ಆಯ್ಕೆ.

ಕಿವಿಯ ಹಿಂದೆ ಕೂರುವ ಮಾದರಿಗಳಲ್ಲಿ ಎರಡು ಬಗೆ. ಬಿಟಿಇ ಎಂಬ ಹಳೆಯ ಬಗೆಯಲ್ಲಿ ಯಂತ್ರವೆಲ್ಲ ಕಿವಿಯ ಹಿಂದೆ ಇದ್ದು, ಸದ್ದು ಒಂದು ಟ್ಯೂಬ್ ಮೂಲಕ ಕಿವಿಯ ಅಚ್ಚಿಗೆ ಬರುತ್ತದೆ. ಇದು ಗಟ್ಟಿಮುಟ್ಟು, ತೀವ್ರ ಕಿವುಡಿಗೂ ಸಾಲುವಷ್ಟು ಬಲ ಇದಕ್ಕಿದೆ. ಆರ್‌ಐಸಿ ಎಂಬ ಇನ್ನೊಂದು ಬಗೆಯಲ್ಲಿ ಪುಟ್ಟ ಸ್ಪೀಕರ್ ತೆಳುವಾದ ತಂತಿಯ ತುದಿಯಲ್ಲಿ ಕಿವಿಯೊಳಗೇ ಇರುತ್ತದೆ. ತುದಿಗೆ ಮೆತ್ತನೆಯ ಸಿಲಿಕಾನ್ ಟೋಪಿ ಹಾಕಿರುತ್ತಾರೆ, ಅದಕ್ಕೆ 'ಡೋಮ್' ಎನ್ನುತ್ತಾರೆ. ಡೋಮ್‌ನಲ್ಲಿ ರಂಧ್ರವಿದ್ದರೆ ದಪ್ಪ ಸ್ವರಗಳು ತಾವಾಗಿಯೇ ಒಳಬರುತ್ತವೆ, ಕಿವಿ ಕಟ್ಟಿದಂತೆ ಅನ್ನಿಸುವುದಿಲ್ಲ.

ಈ ತಾಯಿಯ ಆಡಿಯೋಗ್ರಾಮ್‌ಗೆ, ಅಂದರೆ ಕೆಳಗಿನ ಸ್ವರಗಳು ಉಳಿದು ಮೇಲಿನವು ಹೋಗಿರುವ ಕಿವಿಗೆ, ಆರ್‌ಐಸಿ ಹೊಂದುತ್ತದೆ. ಒಂದೇ ಷರತ್ತು: ಸ್ಪೀಕರ್ ತುದಿಯ ಗುಗ್ಗೆ ತಡೆಯುವ ಪುಟ್ಟ ಬಿಳಿ ಜಾಲರಿಯನ್ನು, ಅಂದರೆ ವ್ಯಾಕ್ಸ್ ಗಾರ್ಡನ್ನು, ಆಗಾಗ ಬದಲಿಸಲು ಮನೆಯಲ್ಲಿ ಒಬ್ಬರು ಇರಬೇಕು. ಅಂಥವರು ಯಾರೂ ಇಲ್ಲದೆ ಹಿರಿಯರು ಒಂಟಿಯಾಗಿ ಇರುವುದಾದರೆ, ಅಥವಾ ಕಿವಿ ಸೋರುವ ಇತಿಹಾಸ ಇದ್ದರೆ, ಬಿಟಿಇಯೇ ಮೇಲು. ಜೇಬಿನಲ್ಲಿಟ್ಟು ತಂತಿ ಎಳೆದುಕೊಳ್ಳುವ ಹಳೆಯ ಪಾಕೆಟ್ ಮಾದರಿಯನ್ನು ಎಲ್ಲರೂ ಕೀಳಾಗಿ ನೋಡುತ್ತಾರೆ. ಆದರೆ ಕೈ ನಡುಗುವ, ದೊಡ್ಡ ಸ್ವಿಚ್ ಮಾತ್ರ ಬಳಸಬಲ್ಲ ಕೆಲವು ಹಿರಿಯರಿಗೆ ಅದು ಈಗಲೂ ಉಪಯೋಗಕ್ಕೆ ಬರುತ್ತದೆ.

ಎರಡೂ ಕಿವಿ ಒಂದೇ ಪ್ರಮಾಣದಲ್ಲಿ ಮಂದವಾಗಿದ್ದರೆ ಎರಡಕ್ಕೂ ಹಾಕುವುದು ಉತ್ತಮ. ದನಿ ಯಾವ ಕಡೆಯಿಂದ ಬಂತು ಎಂಬುದು ಗೊತ್ತಾಗುವುದು, ಗದ್ದಲದಲ್ಲಿ ಮಾತು ಹಿಡಿಯುವುದು ಎರಡು ಕಿವಿಯಿಂದಲೇ. ಹಣ ಒಂದಕ್ಕಷ್ಟೇ ಇದ್ದರೆ? ಒಂದು ಅತಿ ದುಬಾರಿ ಸಾಧನಕ್ಕಿಂತ ಸಾಧಾರಣ ಶ್ರೇಣಿಯ ಎರಡು ಮೇಲು. ಬೆಲೆ ಏರುವುದು ಹೆಚ್ಚಾಗಿ 'ಚಾನೆಲ್'ಗಳ ಸಂಖ್ಯೆ, ಬ್ಲೂಟೂತ್, ಗದ್ದಲ ತಗ್ಗಿಸುವ ಸೌಲಭ್ಯಗಳ ಲೆಕ್ಕದಲ್ಲಿ. ದಿನದ ಹೆಚ್ಚಿನ ಹೊತ್ತು ಮನೆಯಲ್ಲೇ ಇರುವ ಹಿರಿಯರಿಗೆ ಇವುಗಳಿಂದ ಆಗುವ ಲಾಭ ಬೆಲೆಯಷ್ಟು ದೊಡ್ಡದಲ್ಲ. ಹಿಯರಿಂಗ್ ಏಡ್ ಮೇಲೆ ಜಿಎಸ್‌ಟಿ ಇಲ್ಲ ಎಂಬುದೂ ನೆನಪಿರಲಿ. ಬಿಲ್‌ನಲ್ಲಿ ಸಾಧನಕ್ಕೆ ತೆರಿಗೆ ಸೇರಿಸಿದ್ದರೆ ಪ್ರಶ್ನಿಸಿ.

ಬ್ಯಾಟರಿ: ಬೆರಳಿನ ಪ್ರಶ್ನೆ

ಬಿಸಾಡುವ ಬ್ಯಾಟರಿಗಳನ್ನು ಜಿಂಕ್-ಏರ್ ಎನ್ನುತ್ತಾರೆ. ಗಾತ್ರಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ಬಣ್ಣ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಮೇಲಿನ ಸ್ಟಿಕ್ಕರ್ ಕಿತ್ತಾಗ ಗಾಳಿ ಒಳಹೋಗಿ ಬ್ಯಾಟರಿ ಜೀವ ಪಡೆಯುತ್ತದೆ. ಕಿತ್ತ ತಕ್ಷಣ ಸಾಧನಕ್ಕೆ ಹಾಕದೆ ಒಂದೆರಡು ನಿಮಿಷ ಹಾಗೇ ಬಿಡಬೇಕು. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿ ಉಳಿಸಲಾಗದು.

312 ಸಂಖ್ಯೆಯದು ಸರಿಸುಮಾರು ಒಂದು ವಾರ ಬರುತ್ತದೆ. ಎರಡು ಕಿವಿಗೆ ವರ್ಷಕ್ಕೆ 104 ಬ್ಯಾಟರಿ. ಆರರ ಸ್ಟ್ರಿಪ್‌ಗೆ 250 ರೂ. ಎಂದು ಲೆಕ್ಕ ಹಾಕಿದರೆ 18 ಸ್ಟ್ರಿಪ್‌ಗೆ 4,500 ರೂ. ಗಾತ್ರದಲ್ಲಿ ದೊಡ್ಡದಾದ 13 ಹತ್ತು ದಿನ ಬಂದರೆ ವರ್ಷಕ್ಕೆ 73 ಸಾಕು, 13 ಸ್ಟ್ರಿಪ್‌ಗೆ 3,250 ರೂ. ಹಣದ ವ್ಯತ್ಯಾಸ ದೊಡ್ಡದಲ್ಲ. ನಿಜವಾದ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಕಡಲೆಬೇಳೆಗಿಂತ ತುಸು ದೊಡ್ಡದಾದ ಬಿಲ್ಲೆಯನ್ನು ಹಿಡಿದು, ಪ್ಲಸ್ ಗುರುತು ನೋಡಿ, ಪುಟ್ಟ ಬಾಗಿಲಿಗೆ ಕೂರಿಸಬೇಕು. ಅಂಗಡಿಯಲ್ಲೇ ಹಿರಿಯರ ಕೈಗೆ ಕೊಟ್ಟು ಯಾರ ಸಹಾಯವೂ ಇಲ್ಲದೆ ಮೂರು ಸಲ ಬದಲಿಸಲು ಹೇಳಿ. ಆಗದಿದ್ದರೆ ಚರ್ಚೆ ಮುಗಿಯಿತು, ರೀಚಾರ್ಜಬಲ್ ಮಾದರಿಯೇ ಬೇಕು.

ಸಂಧಿವಾತವಿರುವ ನಮ್ಮ ಉದಾಹರಣೆಯ ತಾಯಿಗೆ ಬೇಕಾದದ್ದು ಅದೇ. ರಾತ್ರಿ ಪೆಟ್ಟಿಗೆಯಲ್ಲಿಟ್ಟರೆ ಮೂರ್ನಾಲ್ಕು ಗಂಟೆಯಲ್ಲಿ ಚಾರ್ಜ್ ಆಗಿ, ಬೆಳಗ್ಗೆಯಿಂದ ಮಲಗುವ ತನಕ ನಡೆಯುತ್ತದೆ. ಮಿತಿಗಳೂ ಇವೆ. ಒಳಗಿನ ಲಿಥಿಯಂ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸೊರಗುತ್ತದೆ, ಅದನ್ನು ಬದಲಿಸಲು ಹೆಚ್ಚಿನ ಮಾದರಿಗಳಲ್ಲಿ ಸಾಧನವನ್ನೇ ಕಂಪನಿಗೆ ಕಳಿಸಬೇಕು. ಆ ಖರ್ಚೆಷ್ಟು ಎಂಬುದನ್ನು ಕೊಳ್ಳುವಾಗಲೇ ಬರೆಸಿಕೊಳ್ಳಬೇಕು. ಚಾರ್ಜರ್ ಮರೆತು ಊರಿಗೆ ಹೋದರೆ ಅಲ್ಲಿ ಸಾಧನ ಸುಮ್ಮನೆ ಕೂರುತ್ತದೆ. ಎರಡು ಮನೆಗಳ ನಡುವೆ ಓಡಾಡುವವರಿಗೆ ಎರಡನೇ ಚಾರ್ಜರ್ ಅನಗತ್ಯ ಖರ್ಚಲ್ಲ.

ಬಿಸಾಡುವ ಬ್ಯಾಟರಿ ಬಳಸುವ ಮನೆಯಲ್ಲಿ ಒಂದು ಎಚ್ಚರಿಕೆ ಬಿಡುವಂತಿಲ್ಲ. ಈ ಬಿಲ್ಲೆ ನೋಡಲು ಮಾತ್ರೆಯಂತಿದೆ. ಮೊಮ್ಮಕ್ಕಳು ಬಾಯಿಗೆ ಹಾಕಿಕೊಳ್ಳುವುದೂ, ಹಿರಿಯರೇ ಮಾತ್ರೆಯೆಂದು ನುಂಗುವುದೂ ಆಗುತ್ತದೆ. ಮಾತ್ರೆ ಡಬ್ಬಿಯ ಹತ್ತಿರ ಬ್ಯಾಟರಿ ಇಡಲೇಬಾರದು. ನುಂಗಿದ್ದು ಗೊತ್ತಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೂರಿಸುವುದು ಒಂದು ದಿನದ ಕೆಲಸವಲ್ಲ

ಸಾಧನವನ್ನು ಕಂಪ್ಯೂಟರ್‌ಗೆ ಜೋಡಿಸಿ ಆಡಿಯೋಗ್ರಾಮ್ ಹಾಕಿದರೆ ತಂತ್ರಾಂಶ ತಾನೇ ಒಂದು ಹೊಂದಾಣಿಕೆ ಮಾಡಿಕೊಡುತ್ತದೆ. ಅಲ್ಲಿಗೇ ನಿಲ್ಲಿಸುವ ಕ್ಲಿನಿಕ್‌ಗಳಿವೆ. ಆದರೆ ಪ್ರತಿಯೊಬ್ಬರ ಕಿವಿಯ ನಾಳದ ಆಕಾರ ಬೇರೆ, ಒಳಗೆ ತಲುಪುವ ಸದ್ದೂ ಬೇರೆ. ಆದ್ದರಿಂದ ಕೂದಲೆಳೆಯಂಥ ಟ್ಯೂಬೊಂದನ್ನು ಕಿವಿಯೊಳಗಿಟ್ಟು, ಸಾಧನ ಹಾಕಿದಾಗ ಪರದೆಯ ಬಳಿ ಸದ್ದು ನಿಜಕ್ಕೂ ಎಷ್ಟಿದೆ ಎಂದು ಅಳೆಯುವ ವಿಧಾನವಿದೆ. 'ರಿಯಲ್ ಇಯರ್ ಮೆಷರ್‌ಮೆಂಟ್' ಮಾಡುತ್ತೀರಾ ಎಂದು ಕೇಳಿ. ಆ ಸೌಲಭ್ಯ ಇಲ್ಲದಿದ್ದರೆ ಕನಿಷ್ಠ ಸಾಧನ ಹಾಕಿಕೊಂಡೇ ಪದಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಕನ್ನಡದಲ್ಲಿ.

ವರ್ಷಗಟ್ಟಲೆ ಕೇಳಿಸದಿದ್ದ ಸದ್ದುಗಳು ಮೊದಲ ದಿನ ಮಿದುಳಿನ ಮೇಲೆ ಎರಗುತ್ತವೆ. ನಲ್ಲಿ ನೀರು, ಕುಕ್ಕರ್ ಸೀಟಿ, ಪೇಪರ್ ಮಡಚುವ ಸದ್ದು ಎಲ್ಲವೂ ಕಿರಿಕಿರಿ. ಹೆಚ್ಚಿನ ಸಾಧನಗಳು ಡ್ರಾಯರ್ ಸೇರುವುದು ಈ ಮೊದಲ ತಿಂಗಳಲ್ಲೇ. ಮೊದಲು ಬೇಕಾದುದಕ್ಕಿಂತ ಸ್ವಲ್ಪ ಕಡಿಮೆ ಬಲದಲ್ಲಿ ಶುರುಮಾಡಿ, ವಾರಗಳು ಕಳೆದಂತೆ ಏರಿಸುವುದು ರೂಢಿ. ದಿನಕ್ಕೆ ಎರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಎದುರಿಗೆ ಒಬ್ಬರೇ ಕೂತು ಮಾತನಾಡುವುದರಿಂದ ಆರಂಭಿಸಬೇಕು. ಮದುವೆ ಮನೆಗೆ ಹೋಗುವ ದಿನ ಹೊಸ ಸಾಧನ ಹಾಕಿಸುವುದು ಬೇಡ. ಹಿರಿಯರು ಹೇಳುವ ದೂರುಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. 'ನನ್ನ ದನಿ ನನಗೇ ಗುಂಯ್ ಅನ್ನುತ್ತೆ' ಎಂದರೆ ಡೋಮ್‌ನ ರಂಧ್ರ ಸಾಲದು ಎಂದಿರಬಹುದು, 'ಪಾತ್ರೆ ಸದ್ದು ಚುಚ್ಚುತ್ತೆ' ಎಂದರೆ ಮೇಲಿನ ಸ್ವರಗಳ ಬಲ ಸ್ವಲ್ಪ ತಗ್ಗಿಸಬೇಕು. ಆಡಿಯಾಲಜಿಸ್ಟ್‌ಗೆ ಇವು ಒಳ್ಳೆಯ ಸುಳಿವು. 'ಸರಿಯಿಲ್ಲ' ಎಂಬ ಒಂದೇ ಮಾತಿನಿಂದ ಯಾರೂ ಏನೂ ಮಾಡಲಾರರು.

ಕೊಂಡ ಮೇಲಿನ ಆರೈಕೆ

ಕೊಂಕಣ ಕರಾವಳಿಯ ಮಳೆಗಾಲ ಈ ಯಂತ್ರಗಳ ದೊಡ್ಡ ಶತ್ರು. ದನಿ ಕರಕರ ಎನ್ನುವುದು, ನಡುನಡುವೆ ಕಡಿದುಹೋಗುವುದು ತೇವದ ಲಕ್ಷಣ. ರಾತ್ರಿ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿ, ಬ್ಯಾಟರಿ ಬಾಗಿಲು ತೆರೆದು ಇಡಬೇಕು. ಬಣ್ಣ ಬದಲಾದ ಜೆಲ್ ಕೆಲಸ ಮಾಡುವುದಿಲ್ಲ. ಸಾಧನವನ್ನು ಬಿಸಿಲಿಗೋ ಹೇರ್ ಡ್ರೈಯರ್‌ಗೋ ಹಿಡಿಯುವುದು ರಿಪೇರಿಗೆ ಆಹ್ವಾನ.

ಸದ್ದು ಪೂರ್ತಿ ನಿಂತರೆ ಕ್ಲಿನಿಕ್‌ಗೆ ಓಡುವ ಮೊದಲು ಬ್ಯಾಟರಿ ಬದಲಿಸಿ ಅಥವಾ ಚಾರ್ಜ್ ಮಾಡಿ, ಆಮೇಲೆ ವ್ಯಾಕ್ಸ್ ಗಾರ್ಡ್ ಬದಲಿಸಿ. 'ಸತ್ತುಹೋದ' ಎಷ್ಟೋ ಸಾಧನಗಳು ಈ ಪುಟ್ಟ ಜಾಲರಿ ಬದಲಿಸಿದೊಡನೆ ಎದ್ದು ಕೂರುತ್ತವೆ. ಕಿವಿಯಲ್ಲಿದ್ದಾಗ ಕುಯ್ಯೆಂದು ಸೀಟಿ ಹೊಡೆದರೆ ಸದ್ದು ಹೊರಗೆ ಸೋರಿ ಮತ್ತೆ ಮೈಕ್‌ಗೆ ಹೋಗುತ್ತಿದೆ ಎಂದರ್ಥ. ಡೋಮ್ ಸಡಿಲವಾಗಿರಬಹುದು, ಸರಿಯಾಗಿ ಕೂರದಿರಬಹುದು ಅಥವಾ ಕಿವಿಯಲ್ಲಿ ಮತ್ತೆ ಗುಗ್ಗೆ ತುಂಬಿರಬಹುದು. ಬಿಟಿಇಯಾದರೆ ಟ್ಯೂಬ್ ಹಳದಿಯಾಗಿ ಗಟ್ಟಿಯಾಗಿದೆಯೇ ನೋಡಿ, ಕೆಲವು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ.

ಎರಡು ಊರಿನಲ್ಲಿ ಬಾಳುವವರು ಕೊಳ್ಳುವಾಗಲೇ ಕೇಳಬೇಕಾದ ಮಾತೊಂದಿದೆ. ಠಾಣೆಯಲ್ಲಿ ಕೊಂಡದ್ದನ್ನು ಹುಬ್ಬಳ್ಳಿಯಲ್ಲಿ ಯಾರು ತೆರೆಯುತ್ತಾರೆ? ಹೊಂದಾಣಿಕೆ ಬದಲಿಸಲು ಆ ಕಂಪನಿಯ ತಂತ್ರಾಂಶ ಬೇಕು. ಕೆಲವು ಮಾರಾಟ ಸರಪಳಿಗಳು ತಮ್ಮ ಮಳಿಗೆಯಲ್ಲಿ ಮಾತ್ರ ತೆರೆಯುವಂತೆ ಸಾಧನವನ್ನು ಲಾಕ್ ಮಾಡಿರುತ್ತವೆ. ಬೆಲೆ ಕಡಿಮೆ ಎಂದು ಅಂಥದ್ದನ್ನು ಕೊಂಡರೆ ವರ್ಷದ ನಾಲ್ಕು ತಿಂಗಳು ಸೇವೆಯಿಲ್ಲ. ವಾರಂಟಿಯಲ್ಲಿ ಕಿವಿಯೊಳಗಿನ ಸ್ಪೀಕರ್ ಮತ್ತು ಚಾರ್ಜರ್ ಸೇರಿವೆಯೇ, ಗುಗ್ಗೆ-ತೇವದ ಹಾನಿ ಸೇರಿದೆಯೇ, ಮುಂದಿನ ಹೊಂದಾಣಿಕೆಗಳಿಗೆ ಶುಲ್ಕವಿದೆಯೇ, ರಿಪೇರಿಗೆ ಕಳಿಸಿದಾಗ ಬದಲಿ ಸಾಧನ ಕೊಡುತ್ತಾರೆಯೇ ಎಂಬುದು ಕಾಗದದ ಮೇಲಿರಲಿ. ಕಳೆದುಹೋದರೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆಡಿಯೋಗ್ರಾಮ್, ಪದಪರೀಕ್ಷೆಯ ಅಂಕ, ಸಾಧನದ ಸೀರಿಯಲ್ ನಂಬರ್, ಬಿಲ್ ನಾಲ್ಕರ ಫೋಟೊ ಮಗನ ಫೋನಿನಲ್ಲೂ ಊರಿನ ಮನೆಯವರ ಫೋನಿನಲ್ಲೂ ಇರಬೇಕು.

ಸರ್ಕಾರಿ ದಾರಿ

ಮಾರಾಟದ ಒತ್ತಡವಿಲ್ಲದೆ ಪರೀಕ್ಷೆ ಮತ್ತು ಸಲಹೆ ಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಜತೆಗೆ ಮುಂಬೈನ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಅದರ ಪ್ರಾದೇಶಿಕ ಕೇಂದ್ರಗಳು ಸಿಕಂದರಾಬಾದ್, ಕೋಲ್ಕತ್ತಾ ಮತ್ತು ದಿಲ್ಲಿ ಪಕ್ಕದ ನೋಯ್ಡಾದಲ್ಲಿವೆ. 60 ದಾಟಿದ, ಆದಾಯ ಕಡಿಮೆ ಇರುವ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಶಿಬಿರಗಳಲ್ಲಿ ಹಿಯರಿಂಗ್ ಏಡ್ ಉಚಿತವಾಗಿ ಸಿಗುತ್ತದೆ. ಕೇಂದ್ರ ಸರ್ಕಾರದ ನಿವೃತ್ತ ನೌಕರರು ಮತ್ತು ಅವರ ಅವಲಂಬಿತರು ಸಿಜಿಎಚ್‌ಎಸ್ ಸದಸ್ಯರಾಗಿದ್ದರೆ ನಿಗದಿತ ಮಿತಿಯೊಳಗೆ ವೆಚ್ಚ ವಾಪಸ್ ಪಡೆಯಬಹುದು. ಅದಕ್ಕೆ ಕೊಳ್ಳುವ ಮೊದಲೇ ಇಎನ್‌ಟಿ ತಜ್ಞರ ಶಿಫಾರಸು ಮತ್ತು ಇಲಾಖೆಯ ಅನುಮತಿಯ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಮೊದಲು ಕೊಂಡು ಆಮೇಲೆ ಬಿಲ್ ಹಿಡಿದು ಹೋದವರು ಬರಿಗೈಯಲ್ಲಿ ಮರಳುವ ಸಾಧ್ಯತೆ ಇದೆ.